ಗ್ರಾಂಟ್ ಕಮಿಟಿ ಮುಂದೆ ಹತ್ತು ನಿಮಿಷ: ಒಂದು ಸಲ ಸೋತು, ಇನ್ನೊಂದು ಸಲ ಕಲಿತದ್ದು

ನಾನು ಪುಣೆಗೆ ಬಂದು ಹತ್ತು ವರ್ಷ ಆಯ್ತು. ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು. ಮೂರು ವರ್ಷದ ಹಿಂದೆ ನಾನು, ನನ್ನ ಹುಬ್ಬಳ್ಳಿ ಗೆಳೆಯ, ಒಬ್ಬರು ಡಾಕ್ಟರ್ ಮೇಡಂ ಸೇರಿ ಒಂದು ಸಂಶೋಧನಾ ಗ್ರಾಂಟ್‌ಗೆ ಅರ್ಜಿ ಹಾಕಿದ್ವಿ. ಗೆಳೆಯ ಅದನ್ನೇ ನಂಬಿ ಕೆಲಸ ಬಿಟ್ಟಿದ್ದ. ಅರ್ಜಿ ಓದಿ ನಮ್ಮನ್ನು ಕರೆದರು. ಹತ್ತು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ. ಮೊದಲ ಸಲ ಸೋತ್ವಿ. ಯಾಕೆ ಸೋತ್ವಿ, ಎರಡನೇ ಸಲ ಏನು ಬದಲಿಸಿದ್ವಿ ಅನ್ನೋದನ್ನ ಹೇಳ್ತೀನಿ.

ಮೊದಲು ನಮ್ಮ ವಿಷಯ ಏನು ಅಂತ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡೋಕೆ ಐಎಲ್‌ಆರ್ ಅನ್ನೋ ಫ್ರಿಜ್ ಇರುತ್ತೆ. ಒಳಗೆ 2ರಿಂದ 8 ಡಿಗ್ರಿ ಇರಬೇಕು. ಕರೆಂಟ್ ಹೋದರೂ ತಂಪು ಉಳಿಯಲಿ ಅಂತ ಅದರ ಗೋಡೆಯಲ್ಲಿ ಐಸ್‌ನ ಪದರ ಇರುತ್ತೆ. ತೊಂದರೆ ಬರೋದೂ ಆ ಐಸ್‌ನಿಂದಲೇ. ಕಂಪ್ರೆಸರ್ ಸೊರಗ್ತಾ ಇದ್ದರೂ ಐಸ್ ಅದನ್ನ ಮುಚ್ಚಿಡುತ್ತೆ, ಒಳಗಿನ ಡಿಗ್ರಿ ಸರಿಯಾಗೇ ಕಾಣುತ್ತೆ. ಡಿಗ್ರಿ ಏರೋ ಹೊತ್ತಿಗೆ ರಿಪೇರಿಗೆ ಸಮಯ ಉಳಿದಿರಲ್ಲ. ಕಂಪ್ರೆಸರ್ ದಿನಕ್ಕೆ ಎಷ್ಟು ಹೊತ್ತು ಓಡುತ್ತೆ ಅಂತ ಅಳೆದರೆ ಮೊದಲೇ ಸುಳಿವು ಸಿಗಬಹುದು ಅನ್ನೋದು ನಮ್ಮ ಐಡಿಯಾ. ಅದಕ್ಕೆ ವೈರಿಗೆ ಸಿಕ್ಕಿಸೋ ಒಂದು ಕರೆಂಟ್ ಸೆನ್ಸರ್ ಸಾಕು.

ಈಗ ನಾನು ಇಷ್ಟು ಹೇಳೋಕೆ ಒಂದು ನಿಮಿಷವೂ ಹಿಡೀಲಿಲ್ಲ. ಆ ದಿನ ನಾನು ಏನು ಮಾಡಿದೆ ಗೊತ್ತಾ? ಭಾರತದ ಲಸಿಕೆ ಕಾರ್ಯಕ್ರಮದ ಬಗ್ಗೆ ಮೂರು ಸ್ಲೈಡ್, ನಮ್ಮ ಸಿಸ್ಟಮ್ ಆರ್ಕಿಟೆಕ್ಚರ್ ಬಗ್ಗೆ ನಾಲ್ಕು ಸ್ಲೈಡ್. ಕ್ಲೌಡ್, ಡ್ಯಾಶ್‌ಬೋರ್ಡ್, ಅಲರ್ಟ್, ಎಲ್ಲಾ ಬಾಣದ ಗುರುತು ಹಾಕಿ ತೋರಿಸಿದೆ. ಆಫೀಸಲ್ಲಿ ಡೆಮೊ ಕೊಟ್ಟು ಕೊಟ್ಟು ಬಂದ ಅಭ್ಯಾಸ. ಎಂಟನೇ ನಿಮಿಷಕ್ಕೆ ಗಂಟೆ ಹೊಡೆದರು. ಪ್ರಯೋಗ ಹೇಗೆ ಮಾಡ್ತೀವಿ ಅನ್ನೋ ಸ್ಲೈಡ್ ಇನ್ನೂ ಬಂದೇ ಇರಲಿಲ್ಲ. ಹೊರಗೆ ಬಂದಾಗ ಗೆಳೆಯ, “ಲೇ, ಮುಖ್ಯದ್ದು ಹೇಳೋದ್ರೊಳಗ ಗಂಟಿ ಬಾರಿಸಿಬಿಟ್ರಲ್ಲೋ” ಅಂದ.

ಗಂಟೆಗಿಂತ ದೊಡ್ಡ ಪೆಟ್ಟು ಪ್ರಶ್ನೆಯಲ್ಲಿ ಬಿತ್ತು. ಮೂಲೆಯಲ್ಲಿ ಕೂತಿದ್ದ ಸಂಖ್ಯಾಶಾಸ್ತ್ರದ ಪ್ರೊಫೆಸರ್ ಒಬ್ಬರು ಕೇಳಿದರು: “40 ಫ್ರಿಜ್‌ಗೆ ಸೆನ್ಸರ್ ಹಾಕ್ತೀರಿ. 18 ತಿಂಗಳಲ್ಲಿ ಅದರಲ್ಲಿ ಎಷ್ಟು ಕೆಡುತ್ತೆ?” ನಾವು ಲೆಕ್ಕ ಹಾಕಿರಲಿಲ್ಲ. ನಿಂತಲ್ಲೇ ಹಾಕಿದೆ. ನಮಗೆ ಸಹಾಯ ಮಾಡ್ತಿದ್ದ ಟೆಕ್ನಿಷಿಯನ್ ಅಂದಾಜಿನಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಕೈಕೊಡುತ್ತೆ. ಅಂದರೆ ವರ್ಷಕ್ಕೆ ನಾಲ್ಕು, ಒಂದೂವರೆ ವರ್ಷಕ್ಕೆ ಆರು. ಅವರು, “ಆರು ಕೇಸಿನಿಂದ ನಿಮ್ಮ ಐಡಿಯಾ ಸರಿ ಅಂತ ಹೇಗೆ ಗೊತ್ತಾಗುತ್ತೆ?” ಅಂದರು. ಅದೂ ಒಬ್ಬೊಬ್ಬರಿಗೆ ಒಂದೊಂದು ಕಾರಣ: ಒಂದಕ್ಕೆ ಗ್ಯಾಸ್ ಸೋರಿಕೆ, ಇನ್ನೊಂದಕ್ಕೆ ಬಾಗಿಲ ರಬ್ಬರ್. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಚೆನ್ನಾಗಿ ಮಾತಾಡಿದ್ದರೂ ಅಲ್ಲಿ ಉಳೀತಿರಲಿಲ್ಲ, ಯಾಕಂದರೆ ತಪ್ಪು ಪ್ರಯೋಗದಲ್ಲೇ ಇತ್ತು.

ಆಮೇಲೆ ಅಂಥ ಕಮಿಟಿಯಲ್ಲಿ ಕೂತು ಅನುಭವ ಇದ್ದ ನನ್ನ ಹಳೇ ಗೈಡ್ ಹತ್ತಿರ ಹೋದೆ. ಸರ್ ಹೇಳಿದ್ದು ಇಷ್ಟು: ಕಮಿಟಿಯಲ್ಲಿ ನಿನ್ನ ಅರ್ಜಿಯನ್ನ ಪೂರ್ತಿ ಓದಿರೋರು ಇಬ್ಬರೋ ಮೂವರೋ. ಉಳಿದವರು ಅವತ್ತೇ ಬೇರೆ ಹತ್ತು ಅರ್ಜಿ ಕೇಳಿರ್ತಾರೆ. ನೀನು ಹೊರಗೆ ಹೋದ ಮೇಲೆ ಓದಿದವರು ಉಳಿದವರಿಗೆ ನಿನ್ನ ಕೆಲಸ ವಿವರಿಸಬೇಕು. ಅವರು ಹೇಳೋಕೆ ಬೇಕಾದ ನಾಲ್ಕು ವಾಕ್ಯ ನೀನು ಕೊಟ್ಟು ಬರಬೇಕು.

ಹಾಗಾಗಿ ಎರಡನೇ ಸಲ ಸ್ಲೈಡ್ ಮಾಡೋ ಮೊದಲು ಆ ನಾಲ್ಕು ವಾಕ್ಯ ಬರೆದ್ವಿ. ಪ್ರಶ್ನೆ ಏನು, ಈಗ ಇರೋದು ಯಾಕೆ ಸಾಲದು, ನಾವು ಹೇಗೆ ಕಂಡುಹಿಡೀತೀವಿ, ಆಗಲಿಲ್ಲ ಅಂದರೆ ಯಾವಾಗ ಗೊತ್ತಾಗುತ್ತೆ. ಹತ್ತು ನಿಮಿಷವನ್ನ ಅದರ ಮೇಲೇ ಹಂಚಿದ್ವಿ. ಪ್ರಶ್ನೆಗೆ ಒಂದು ನಿಮಿಷ. ಈಗಿರೋದಕ್ಕೆ ಒಂದೂವರೆ. ಪ್ರಯೋಗಕ್ಕೆ ನಾಲ್ಕು. ತಂಡಕ್ಕೆ ಒಂದು. ದುಡ್ಡು ಮತ್ತು ಗಡುವಿಗೆ ಒಂದೂವರೆ. ಒಟ್ಟು ಒಂಬತ್ತು. ಉಳಿದ ಒಂದು ನಿಮಿಷ ಪ್ರೊಜೆಕ್ಟರ್ ಕೇಬಲ್‌ಗೆ, ಮಧ್ಯೆ ಯಾರಾದರೂ ಕೇಳೋ ಪ್ರಶ್ನೆಗೆ. ಆರ್ಕಿಟೆಕ್ಚರ್ ಸ್ಲೈಡ್‌ಗಳನ್ನ ಧನ್ಯವಾದದ ಸ್ಲೈಡ್ ಆದ ಮೇಲೆ ಇಟ್ವಿ, ಯಾರಾದರೂ ಕೇಳಿದರೆ ಮಾತ್ರ ತೋರಿಸೋಕೆ. ಯಾರೂ ಕೇಳಲಿಲ್ಲ.

ಪ್ರಯೋಗವನ್ನೂ ಬದಲಿಸಿದ್ವಿ. ಫ್ರಿಜ್ ತಾನಾಗಿ ಕೆಡಲಿ ಅಂತ ಕಾಯೋದು ಬಿಟ್ಟು, ವರ್ಕ್‌ಶಾಪಲ್ಲಿ ನಾಲ್ಕು ಹಳೇ ಫ್ರಿಜ್ ಇಟ್ಟು ನಾವೇ ಕೆಡಿಸೋದು: ಬಾಗಿಲ ರಬ್ಬರ್ ಸಡಿಲ ಮಾಡೋದು, ಕಂಡೆನ್ಸರ್‌ಗೆ ಗಾಳಿ ತಡೆಯೋದು, ವೋಲ್ಟೇಜ್ ಇಳಿಸೋದು. ಪ್ರತಿಯೊಂದನ್ನೂ ಹಲವು ಸಲ ಮಾಡಬಹುದು, ಯಾವಾಗ ಕೆಡಿಸಿದ್ವಿ ಅನ್ನೋದೂ ನಮಗೆ ಗೊತ್ತಿರುತ್ತೆ. ಹಳ್ಳಿಯ 40 ಫ್ರಿಜ್‌ಗಳಿಂದ ಬೇರೆ ಪ್ರಶ್ನೆಗೆ ಉತ್ತರ: ಸುಳ್ಳು ಎಚ್ಚರಿಕೆ ಎಷ್ಟು ಬರುತ್ತೆ? ಮೇ ತಿಂಗಳ ಸೆಕೆಗೆ, ಕರೆಂಟ್ ಹೋಗಿ ಬಂದಾಗ, ಒಳ್ಳೇ ಕಂಪ್ರೆಸರ್ ಕೂಡ ಹೆಚ್ಚು ಹೊತ್ತು ಓಡುತ್ತೆ. ಅದಕ್ಕೇ ರೂಮಿನ ಶಾಖವನ್ನೂ ಅಳೀಬೇಕು. 40 ಫ್ರಿಜ್, 12 ತಿಂಗಳು ಅಂದರೆ 480 ಫ್ರಿಜ್-ತಿಂಗಳ ದಾಖಲೆ. ಈ ಪ್ರಶ್ನೆಗೆ ಅಷ್ಟು ಸಾಕು.

ದುಡ್ಡಿನ ಸ್ಲೈಡನ್ನೂ ಇದಕ್ಕೇ ಕಟ್ಟಿದ್ವಿ. ಮೊದಲ ಸಲ ಸಂಬಳ, ಸಾಮಾನು, ಪ್ರಯಾಣ ಅಂತ ಟೇಬಲ್ ತೋರಿಸಿದ್ದೆ. ಈ ಸಲ ಎರಡೇ ಸಾಲು. ಮೊದಲ ಆರು ತಿಂಗಳು ವರ್ಕ್‌ಶಾಪ್, 7 ಲಕ್ಷ. ಮುಂದಿನ ಹನ್ನೆರಡು ತಿಂಗಳು ಹಳ್ಳಿ, 15 ಲಕ್ಷ. ವರ್ಕ್‌ಶಾಪಲ್ಲಿ ಡಿಗ್ರಿ ಏರೋಕೆ ಕನಿಷ್ಠ ಎರಡು ದಿನ ಮೊದಲು ಸುಳಿವು ಸಿಗದಿದ್ದರೆ ಅಲ್ಲಿಗೇ ನಿಲ್ಲಿಸ್ತೀವಿ, 15 ಲಕ್ಷ ಬೇಡ ಅಂದೆ. ಅಲ್ಲಿ ತನಕ ಫೋನ್ ನೋಡ್ತಿದ್ದ ಒಬ್ಬರು ತಲೆ ಎತ್ತಿ ಬರ್ಕೊಂಡ್ರು.

ಮೊದಲ ಪ್ರಶ್ನೆ ನಾವು ಅಂದ್ಕೊಂಡದ್ದೇ ಬಂತು. “ಇವಿನ್ ಇದೆಯಲ್ಲ, ಮತ್ತೆ ನೀವ್ಯಾಕೆ?” ಇವಿನ್ ಅಂದರೆ ಲಸಿಕೆಯ ದಾಸ್ತಾನು ಮತ್ತು ಫ್ರಿಜ್‌ನ ತಾಪಮಾನ ನೋಡೋ ಸರ್ಕಾರದ ವ್ಯವಸ್ಥೆ. ಡಾಕ್ಟರ್ ಮೇಡಂ ಉತ್ತರ ಕೊಟ್ಟರು: “ಸರ್, ಇವಿನ್ ಡಿಗ್ರಿ ನೋಡುತ್ತೆ. ನಾವು ಡಿಗ್ರಿ ಏರೋ ಮುಂಚೆ ಕಂಪ್ರೆಸರ್ ನೋಡ್ತೀವಿ. ನಮ್ಮದು ಸರಿಹೋದರೆ ಅದಕ್ಕೇ ಜೋಡಿಸಬಹುದು.” ಹದಿನೈದು ಸೆಕೆಂಡ್. ಯಾವ ಪ್ರಶ್ನೆಗೆ ಯಾರು ಉತ್ತರ ಕೊಡಬೇಕು ಅಂತ ಮೊದಲೇ ಹಂಚಿಕೊಂಡಿದ್ವಿ. ಇಲ್ಲದಿದ್ದರೆ ಮೂವರೂ ಒಟ್ಟಿಗೆ ಬಾಯಿ ಹಾಕಿ ಐದು ನಿಮಿಷ ಅಲ್ಲೇ ಮುಗೀತಿತ್ತು.

ಗ್ಯಾಸ್ ಸೋರಿಕೆಯನ್ನ ವರ್ಕ್‌ಶಾಪಲ್ಲಿ ಹೇಗೆ ಅನುಕರಿಸ್ತೀರಿ ಅಂತ ಇನ್ನೊಬ್ಬರು ಕೇಳಿದರು. “ಅದನ್ನ ಈ 18 ತಿಂಗಳಲ್ಲಿ ಮಾಡಲ್ಲ ಮೇಡಂ, ಹಾಗಾಗಿ ಸೋರಿಕೆ ಬಗ್ಗೆ ನಾವೇನೂ ಹೇಳೋಕಾಗಲ್ಲ” ಅಂದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಕೊನೆಗೆ 17 ಲಕ್ಷ ಮಂಜೂರಾಯ್ತು. ವರ್ಕ್‌ಶಾಪ್‌ನ 7 ಲಕ್ಷ ಮುಟ್ಟಲಿಲ್ಲ, ಹಳ್ಳಿಯ ಫ್ರಿಜ್ 40ರಿಂದ 25ಕ್ಕೆ ಇಳಿಸಿದರು. ಎರಡು ಸಾಲಿನ ಸ್ಲೈಡ್ ಇದ್ದದ್ದರಿಂದ ಎಲ್ಲಿ ಕತ್ತರಿ ಹಾಕಿದರೆ ಕೆಲಸ ಉಳಿಯುತ್ತೆ ಅಂತ ಅವರಿಗೂ ಕಂಡಿತ್ತು. ಗೆಳೆಯನಿಗೆ ಸಂಬಳ ಶುರುವಾಯ್ತು. ಈಗ ಅವನು ದಿನಾ ಒಳ್ಳೇ ಫ್ರಿಜ್‌ಗಳನ್ನ ಕೆಡಿಸ್ತಾ ಕೂತಿದ್ದಾನೆ.

ನಿಮ್ಮಲ್ಲಿ ಯಾರಾದರೂ ಅಂಥ ಕೋಣೆಗೆ ಹೋಗೋರಿದ್ದರೆ, ಹಿಂದಿನ ದಿನ ನಿಮ್ಮ ಕ್ಷೇತ್ರ ಗೊತ್ತಿಲ್ಲದ ಒಬ್ಬರ ಮುಂದೆ ಗಡಿಯಾರ ಇಟ್ಟು ಮಾತಾಡಿ. ಮುಗಿದ ಮೇಲೆ ನೀವು ಏನು ಮಾಡೋರು ಅಂತ ಅವರನ್ನೇ ಹೇಳೋಕೆ ಕೇಳಿ. ನಾನು ನನ್ನ ಅಕ್ಕನ ಮುಂದೆ ಮಾಡಿದ್ದೆ. ಅವಳು, “ಫ್ರಿಜ್ ಹಾಳಾಗೋ ಮುಂಚೆ ಅದರ ಉಸಿರು ಕೇಳ್ತೀಯ ಅಲ್ವೇನೋ” ಅಂದಳು. ಮರುದಿನ ನನ್ನ ಮೊದಲ ವಾಕ್ಯ ಅದೇ ಆಗಿತ್ತು.