ಸಂಬಳದ ಚೀಟಿಯನ್ನು ಓದುವ ಬಗೆ

(ಹೊಸದಾಗಿ ಕೆಲಸಕ್ಕೆ ಸೇರಿದವರ ಸಭೆಯಲ್ಲಿ ಮಾಡಿದ ಭಾಷಣ)



ಈಚೆಗೆ ಗಿರಣಿಯೊಂದಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಮೊದಲ ತಿಂಗಳ ಸಂಬಳದ ಚೀಟಿ ಹಿಡಿದು ನಮ್ಮಲ್ಲಿಗೆ ಬಂದ. ಕೆಲಸ ಕೊಡುವಾಗ ಕೊಟ್ಟ ಪತ್ರದಲ್ಲಿ ತಿಂಗಳಿಗೆ 23,321 ರೂಪಾಯಿ ಎಂದಿತ್ತು. ಬ್ಯಾಂಕಿಗೆ ಬಂದದ್ದು 18,050. "ಮೊದಲ ತಿಂಗಳೇ ಐದು ಸಾವಿರ ನುಂಗಿಬಿಟ್ಟರಲ್ಲ ಅಣ್ಣಾ" ಎಂದ. ನುಂಗಿದರೋ ಇಲ್ಲವೋ ಎಂಬುದನ್ನು ಬೈಗಳಿಂದ ತೀರ್ಮಾನಿಸಲಾಗದು, ಲೆಕ್ಕದಿಂದ ತೀರ್ಮಾನಿಸಬೇಕು. ಅವನೊಡನೆ ಕುಳಿತು ನಾವು ಮಾಡಿದ ಲೆಕ್ಕವನ್ನೇ ಇಂದು ತಮ್ಮ ಮುಂದಿಡುತ್ತೇವೆ.

ಪತ್ರದಲ್ಲಿದ್ದ ದೊಡ್ಡ ಮೊತ್ತಕ್ಕೆ ಸಿ.ಟಿ.ಸಿ. ಎನ್ನುತ್ತಾರೆ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು ಎಂದು ಅದರ ಅರ್ಥ. ಅದು ಮಾಲೀಕನ ಲೆಕ್ಕದ ಪುಸ್ತಕದ ಮಾತು. ನಿಮ್ಮ ಸಂಬಳ ಶುರುವಾಗುವುದು ಅದರ ಕೆಳಗೆ, ಒಟ್ಟು ವೇತನ ಎಂಬ ಸಾಲಿನಲ್ಲಿ. ಈ ಹುಡುಗನಿಗೆ ಮೂಲವೇತನವೂ ತುಟ್ಟಿಭತ್ಯೆಯೂ ಸೇರಿ 15,000, ಮನೆಬಾಡಿಗೆ ಭತ್ಯೆ 3,000, ಓಡಾಟದ ಭತ್ಯೆ 2,000. ಒಟ್ಟು ವೇತನ 20,000 ರೂಪಾಯಿ.

ಹಾಗಾದರೆ ಮೇಲಿನ 3,321 ಯಾವುದು? ಅದು ಮಾಲೀಕನು ನಿಮ್ಮ ಹೆಸರಿನಲ್ಲಿ ಬೇರೆ ಕಡೆ ಕಟ್ಟಬೇಕಾದ, ಇಲ್ಲವೇ ಮುಂದೆ ಕೊಡಲೆಂದು ಲೆಕ್ಕ ಹಿಡಿದಿಟ್ಟ ಹಣ. ಭವಿಷ್ಯನಿಧಿಗೆ ಅವನ ಪಾಲು 15,000ದ ಮೇಲೆ ಶೇಕಡಾ 12ರಂತೆ 1,800. ಇದರಲ್ಲಿ 1,250 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 550 ಮಾತ್ರ ನಿಮ್ಮ ಖಾತೆಗೆ. ನಿಧಿಯ ಆಡಳಿತ ವೆಚ್ಚ ಮತ್ತು ನೌಕರರ ಜೀವವಿಮೆಗೆ 150. ಇ.ಎಸ್.ಐ.ಗೆ ಒಟ್ಟು ವೇತನದ ಮೇಲೆ ಶೇಕಡಾ 3.25ರಂತೆ 650. ಗ್ರಾಚ್ಯುಟಿಯ ಬಾಬ್ತು 721. ಕೂಡಿ ನೋಡಿ, 3,321 ಆಗುತ್ತದೆ.

ಈ ಕೊನೆಯ ಬಾಬ್ತಿನ ಬಗ್ಗೆ ಎಚ್ಚರ ಬೇಕು. ಸಿ.ಟಿ.ಸಿ.ಯಲ್ಲಿ ಅದು ತಿಂಗಳು ತಿಂಗಳೂ ಕಾಣುತ್ತದೆ, ಆದರೆ ತಿಂಗಳು ತಿಂಗಳೂ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ 5 ವರ್ಷ ಸತತವಾಗಿ ದುಡಿದು ಬಿಟ್ಟವನಿಗೆ, ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳನ್ನು 26 ದಿನವೆಂದು ಎಣಿಸಿ ಕೊಡುತ್ತಾರೆ. ಮೂರನೆಯ ವರ್ಷದಲ್ಲಿ ರಾಜೀನಾಮೆ ಕೊಟ್ಟು ಹೋದರೆ ಕಾಗದದ ಮೇಲಿದ್ದ ಆ ಹಣ ಮಾಲೀಕನಲ್ಲೇ ಉಳಿಯುತ್ತದೆ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಮಾತ್ರ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಂತೆ, ಒಂದು ವರ್ಷದ ದುಡಿಮೆಗೇ ಈ ಹಕ್ಕು ದೊರೆಯುತ್ತದೆ. ಆದ್ದರಿಂದ ನೇಮಕದ ಪತ್ರದಲ್ಲಿ ನಿಮ್ಮನ್ನು ಯಾವ ಬಗೆಯ ನೌಕರನೆಂದು ಬರೆದಿದ್ದಾರೆ ಎಂಬುದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಚೀಟಿಯ ಬಲಬದಿ, ಕಡಿತದ ಸಾಲು. ಭವಿಷ್ಯನಿಧಿಗೆ ನಿಮ್ಮ ಪಾಲು ಶೇಕಡಾ 12, ಎಂದರೆ 1,800. ಇ.ಎಸ್.ಐ.ಗೆ ನಿಮ್ಮ ಪಾಲು ಶೇಕಡಾ 0.75, ಎಂದರೆ 150. ವೃತ್ತಿ ತೆರಿಗೆ ಇವನಿಗಿಲ್ಲ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ಮುಟ್ಟದ ಸಂಬಳಕ್ಕೆ ಅದನ್ನು ತೆಗೆದುಹಾಕಿದ್ದಾರೆ. 20,000ದಲ್ಲಿ 1,950 ಕಳೆದರೆ 18,050. ಬ್ಯಾಂಕಿಗೆ ಬಂದದ್ದೂ ಅಷ್ಟೇ.

ಹಾಗಾದರೆ ಆ ಹುಡುಗನಿಗೆ ಕಾಣದೆ ಹೋದ 5,271 ರೂಪಾಯಿ ಎಲ್ಲಿದೆ? ಎರಡೂ ಪಾಲು ಸೇರಿ 2,350 ಅವನ ಭವಿಷ್ಯನಿಧಿ ಖಾತೆಯಲ್ಲಿ, 1,250 ಪಿಂಚಣಿ ನಿಧಿಯಲ್ಲಿ, 800 ಇ.ಎಸ್.ಐ.ಯಲ್ಲಿ, 150 ಆಡಳಿತ ಮತ್ತು ವಿಮೆಗೆ, 721 ಮಾಲೀಕನ ಲೆಕ್ಕದಲ್ಲಿ. ಯಾರೂ ನುಂಗಿಲ್ಲ. ಆದರೆ ಚೀಟಿಯಲ್ಲಿ ಬರೆದದ್ದೆಲ್ಲ ಅಲ್ಲಲ್ಲಿಗೆ ಮುಟ್ಟಿದ್ದರೆ ಮಾತ್ರ ಈ ಮಾತು ನಿಜ.

ಅದೇ ಹುಡುಗನ ಜೊತೆಗೆ ಬಂದಿದ್ದ ಹಿರಿಯ ನೌಕರರೊಬ್ಬರು ಆಗ ತಮ್ಮ ಖಾತೆಯನ್ನೂ ನೋಡಿಸಿದರು. ಅವರು ದುಡಿಯುವುದು ಬೇರೊಂದು ಕಡೆ. ನಾಲ್ಕು ತಿಂಗಳ ಚೀಟಿಯಲ್ಲೂ ಭವಿಷ್ಯನಿಧಿಯ ಕಡಿತ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಪಾಸ್‌ಬುಕ್ಕಿನಲ್ಲಿ ಆ ನಾಲ್ಕು ತಿಂಗಳೂ ಖಾಲಿ. ಚೀಟಿ ನೋಡಿ ನಂಬಿದ್ದ ಅವರಿಗೆ ಪಾಸ್‌ಬುಕ್ ನೋಡುವ ಯೋಚನೆಯೇ ಬಂದಿರಲಿಲ್ಲ. ನೌಕರನ ಸಂಬಳದಿಂದ ಕಡಿದು ಕಟ್ಟದಿರುವುದು ಬಾಕಿಯಷ್ಟೇ ಅಲ್ಲ, ಕಾನೂನಿನ ಕಣ್ಣಿನಲ್ಲಿ ಅದು ವಿಶ್ವಾಸದ್ರೋಹದ ಅಪರಾಧ. ಅವರು ನಾಲ್ಕು ಚೀಟಿಗಳ ಪ್ರತಿಯನ್ನೂ ಪಾಸ್‌ಬುಕ್ಕಿನ ಪ್ರತಿಯನ್ನೂ ಲಗತ್ತಿಸಿ ಮೊದಲು ಮಾಲೀಕರಿಗೆ ಬರೆದರು. ಉತ್ತರ ಬಾರದಿದ್ದಾಗ ಭವಿಷ್ಯನಿಧಿ ಕಚೇರಿಗೆ ಲಿಖಿತ ದೂರು ಕೊಟ್ಟರು. ಬಾಯಿಮಾತಿಗೆ ಸಾಕ್ಷಿ ಇಲ್ಲ, ಚೀಟಿಯೇ ಸಾಕ್ಷಿ. ಆದ್ದರಿಂದ ಒಂದು ಚೀಟಿಯನ್ನೂ ಬಿಸಾಡಬೇಡಿ.

ನೋಡುವುದು ಕಷ್ಟವಲ್ಲ. ಒಂದು ತಿಂಗಳ ಹಣವನ್ನು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕು. ಚೀಟಿಯ ಮೇಲೆ 12 ಅಂಕೆಗಳ ಯು.ಎ.ಎನ್. ಸಂಖ್ಯೆ ಇರುತ್ತದೆ. ಅದಕ್ಕೆ ನಿಮ್ಮ ಮೊಬೈಲನ್ನೂ ಗುರುತಿನ ದಾಖಲೆಗಳನ್ನೂ ಜೋಡಿಸಿದ್ದರೆ, 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯ ಕಂತೂ ಶಿಲ್ಕೂ ಸಂದೇಶವಾಗಿ ಬರುತ್ತದೆ. ಸೇರಿದ ಮೂರನೆಯ ತಿಂಗಳೊಳಗೆ ಒಮ್ಮೆಯಾದರೂ ಇದನ್ನು ಮಾಡಿ. ಇ.ಎಸ್.ಐ. ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ ಅದನ್ನು ಹುಡುಕಲು ಹೊರಡಬಾರದು.

ಇನ್ನೆರಡು ತಂತ್ರಗಳನ್ನು ತಿಳಿದಿರಿ. ಮೊದಲನೆಯದು, ಮಾಲೀಕನ ಪಾಲನ್ನೂ ನಿಮ್ಮ ಒಟ್ಟು ವೇತನದಿಂದಲೇ ಕಡಿಯುವುದು. ನಮ್ಮ ಲೆಕ್ಕದಲ್ಲಿ ಕಡಿತದ ಸಾಲಿನಲ್ಲಿ 1,800ರ ಬದಲು 3,600 ಕಂಡರೆ, ತಾವಾಗಿ ಹೆಚ್ಚು ಕಟ್ಟಲು ಬರೆದುಕೊಟ್ಟಿಲ್ಲದಿದ್ದರೆ, ಅದು ಅದೇ. ಮಾಲೀಕನ ಪಾಲನ್ನು ನೌಕರನ ವೇತನದಿಂದ ವಸೂಲು ಮಾಡುವಂತಿಲ್ಲ. ಎರಡನೆಯದು, ಮೂಲವೇತನವನ್ನು ಕುಗ್ಗಿಸಿ ಭತ್ಯೆಗಳನ್ನು ಉಬ್ಬಿಸುವುದು. ಅದೇ 20,000ದಲ್ಲಿ ಮೂಲವೇತನ 8,000 ಎಂದು ಬರೆದರೆ ಕೈಗೆ ಬರುವ ಹಣ ತುಸು ಹೆಚ್ಚುತ್ತದೆ, ನೌಕರನಿಗೆ ಸಂತೋಷವೂ ಆಗುತ್ತದೆ. ಆದರೆ ಮಾಲೀಕನು ನಿಧಿಗೆ ಕಟ್ಟುವುದು 1,800ರಿಂದ 960ಕ್ಕೆ ಇಳಿಯುತ್ತದೆ, ಗ್ರಾಚ್ಯುಟಿ ವರ್ಷಕ್ಕೆ 8,654ರಿಂದ 4,615ಕ್ಕೆ ಇಳಿಯುತ್ತದೆ. ಹೊಸ ಸಂಹಿತೆಯಂತೆ ಮನೆಬಾಡಿಗೆ, ಓಡಾಟ ಮೊದಲಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನವೆಂದೇ ಎಣಿಸಬೇಕು.

ಅಂಗಡಿ ಇಟ್ಟ ಮಿತ್ರರಿಗೂ ಒಂದು ಮಾತು. ಹತ್ತು ಮಂದಿ ದುಡಿಯುವಲ್ಲಿ ಇ.ಎಸ್.ಐ., ಇಪ್ಪತ್ತು ಮಂದಿ ದುಡಿಯುವಲ್ಲಿ ಭವಿಷ್ಯನಿಧಿ ತಮಗೂ ಅನ್ವಯಿಸುತ್ತದೆ. ಆಳುಗಳಿಂದ ಕಡಿದ ಹಣವನ್ನು ಗಲ್ಲಾಪೆಟ್ಟಿಗೆಯ ಹಣದೊಡನೆ ಬೆರೆಸಬೇಡಿ. ವ್ಯಾಪಾರ ಮಂದವಾದ ತಿಂಗಳಲ್ಲಿ ಮೊದಲು ಕರಗುವುದು ಅದೇ.

ಆ ಹುಡುಗ ಹೋಗುವಾಗ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಹದಿನೈದು ಕಳೆದ ಮೇಲೆ ಪಾಸ್‌ಬುಕ್ ನೋಡಿಕೊಂಡು ಬರುತ್ತೇನೆ ಅಣ್ಣಾ" ಎಂದ. ನಿಮ್ಮ ಚೀಟಿಗಳನ್ನೂ ತನ್ನಿ. ಭಾನುವಾರ ಸಂಜೆ ಕಚೇರಿಯಲ್ಲಿರುತ್ತೇವೆ, ಕೂತು ಕೂಡೋಣ.