ಪ್ಲಾಸ್ಟರ್ ಬಿಚ್ಚಿದ ಮೇಲೆ: ಮೊದಲು ಮಣಿಕಟ್ಟು, ಆಮೇಲೆ ಮುಷ್ಟಿ

ಮುರಿದ ಮುಂಗೈ ಕೂಡಿ ಪ್ಲಾಸ್ಟರ್ ಬಿಚ್ಚಿದ ಮೇಲೆ ಏನು ಮಾಡಬೇಕು ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಸ್ವಾರಗೇಟದಲ್ಲಿ ಫಿಜಿಯೋಥೆರಪಿ ಮಾಡುವ ನನ್ನ ಹತ್ತಿರ ಇಂಥ ಕೈಗಳು ಬಹಳ ಬರುತ್ತವೆ. ಬೀಳುವಾಗ ನಾವು ಅಂಗೈ ಊರುತ್ತೇವೆ. ಮೈಭಾರವೆಲ್ಲ ಅದರ ಮೇಲೆ ಬಿದ್ದು, ಮಣಿಕಟ್ಟಿನ ಸ್ವಲ್ಪ ಮೇಲೆ, ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆ ಮುರಿಯುತ್ತದೆ. ಎಕ್ಸ್‌ರೇ ಇನ್ನೂ ಇಲ್ಲದ 1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಇದನ್ನು ವಿವರಿಸಿದ್ದರಿಂದ ಕೋಲಿಸ್ ಫ್ರ್ಯಾಕ್ಚರ್ ಎಂಬ ಹೆಸರು ಉಳಿದಿದೆ.

ಪ್ಲಾಸ್ಟರ್ ಬಿಚ್ಚಿದ ದಿನವೇ ಹಲವರು ಮೆತ್ತನೆಯ ಚೆಂಡು ಕೊಂಡು ಹಿಚುಕಲು ಶುರುಮಾಡುತ್ತಾರೆ. ಅದು ಮೊದಲು ಯಾಕೆ ಬೇಡ ಎಂದು ನೀವೇ ಈಗ ನೋಡಿ. ನೋವಿಲ್ಲದ ಕೈಯನ್ನು ಮುಂದೆ ಚಾಚಿ, ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಬಗ್ಗಿಸಿ. ಹಾಗೇ ಇಟ್ಟು ಗಟ್ಟಿಯಾಗಿ ಮುಷ್ಟಿ ಕಟ್ಟಿ. ಆಗುವುದಿಲ್ಲ ಅಲ್ಲವೇ? ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ, ಅಂದರೆ ಮುಂಗೈಯ ಬೆನ್ನಿನ ಕಡೆಗೆ ಎತ್ತಿ ಮುಷ್ಟಿ ಕಟ್ಟಿ. ಎಷ್ಟು ಬಿಗಿಯಾಯಿತು!

ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಹುರಿಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಕೆಳಗೆ ಬಗ್ಗಿದರೆ ಅವು ಸಡಿಲವಾಗುತ್ತವೆ, ಕೈಯ ಬೆನ್ನಿನ ಹುರಿಗಳು ಬಿಗಿದು ಬೆರಳುಗಳನ್ನು ಹಿಂದಕ್ಕೆ ಎಳೆಯುತ್ತವೆ. ಮಣಿಕಟ್ಟು 20ರಿಂದ 35 ಡಿಗ್ರಿ ಹಿಂದಕ್ಕೆ ಎದ್ದಾಗಲೇ ಹಿಡಿತಕ್ಕೆ ಪೂರ್ಣ ಬಲ. ಆದ್ದರಿಂದ ಹಿಂದಕ್ಕೆ ಏಳದ ಮಣಿಕಟ್ಟಿನಲ್ಲಿ ಎಷ್ಟು ಚೆಂಡು ಹಿಚುಕಿದರೂ ಲಾಭ ಕಡಿಮೆ.

ಒಬ್ಬ ತಾಯಿಯ ಉದಾಹರಣೆ ಹೇಳುತ್ತೇನೆ. ವಯಸ್ಸು 62, ಮುರಿದದ್ದು ಬಲಗೈ, ಆಪರೇಷನ್ ಇಲ್ಲ, ಆರು ವಾರ ಪ್ಲಾಸ್ಟರ್. ಮೂಳೆ ಕೂಡಿದೆ, ವ್ಯಾಯಾಮ ಶುರುಮಾಡಬಹುದು ಎಂದು ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ ಮೇಲೆ ಬಂದರು. ಕೈ ಸಣಕಲಾಗಿ, ಚರ್ಮ ಒಣಗಿ, ಬೆರಳು ಊದಿದ್ದವು. ಮುಷ್ಟಿ ಕಟ್ಟಿದರೆ ಬೆರಳ ತುದಿ ಅಂಗೈಗೆ ಎರಡು ಬೆರಳಷ್ಟು ದೂರ ನಿಲ್ಲುತ್ತಿತ್ತು. ಮಣಿಕಟ್ಟು ಹಿಂದಕ್ಕೆ ಏಳುತ್ತಿದ್ದುದು 15 ಡಿಗ್ರಿ. ಹಿಡಿತ ಅಳೆಯುವ ಉಪಕರಣದಲ್ಲಿ ಎಡಗೈ 18 ಕಿಲೋ ತೋರಿಸಿದರೆ ಬಲಗೈ 4 ಕಿಲೋ.

ಮೊದಲ ಎರಡು ವಾರ ಊತ ಇಳಿಸುವುದು, ಬೆರಳು ಬಿಡಿಸುವುದು ಇಷ್ಟೇ ಕೆಲಸ. ಕೂತಾಗ ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಇಡುವುದು. ದಿನಕ್ಕೆ ನಾಲ್ಕೈದು ಸಲ, ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಇಟ್ಟು ಬೆರಳಾಡಿಸುವುದು: ಮೊದಲು ನೇರ, ಆಮೇಲೆ ಬುಡ ನೇರವಿಟ್ಟು ತುದಿ ಮಾತ್ರ ಕೊಕ್ಕೆಯಂತೆ, ಆಮೇಲೆ ಪೂರ್ತಿ ಮುಷ್ಟಿ. ಒಂದೊಂದೂ ಹತ್ತು ಸಲ. ಭುಜವನ್ನೂ ಪೂರ್ತಿ ಮೇಲೆತ್ತಬೇಕು. ಕೈ ಜೋಲಿಯಲ್ಲೇ ಇದ್ದವರಿಗೆ ಭುಜವೂ ಬಿಗಿಯುತ್ತದೆ.

ಜೊತೆಗೇ ಮಣಿಕಟ್ಟು. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಗೆ ಮಾಡಿ, ಹಸ್ತ ಮಾತ್ರ ಅಂಚಿನಿಂದ ಹೊರಗಿರಲಿ. ಬೆರಳನ್ನು ಸಡಿಲವಾಗಿ ಮಡಚಿಕೊಂಡೇ ಹಸ್ತವನ್ನು ಮೇಲೆತ್ತಿ ಐದು ಎಣಿಸಿ. ಬೆರಳು ನೆಟ್ಟಗೆ ಮಾಡಿ ಎತ್ತಿದರೆ ಬೆರಳೆತ್ತುವ ಸ್ನಾಯುಗಳೇ ಕೆಲಸ ಮಾಡುತ್ತವೆ, ಮಣಿಕಟ್ಟಿನ ಸ್ನಾಯು ಸುಮ್ಮನಿರುತ್ತದೆ. ಅದಾದ ಮೇಲೆ ನಮಸ್ಕಾರದ ಹಾಗೆ ಎದೆಯ ಮುಂದೆ ಅಂಗೈ ಜೋಡಿಸಿ, ಬಿಡದೆ ನಿಧಾನವಾಗಿ ಕೆಳಗಿಳಿಸುತ್ತ ಬನ್ನಿ. ಎಳೆತ ತಿಳಿದಲ್ಲಿ ಇಪ್ಪತ್ತು ಎಣಿಸುವವರೆಗೆ ನಿಲ್ಲಿಸಿ.

ಇನ್ನೊಂದು ಚಲನೆಯನ್ನು ಬಹಳ ಜನ ಮರೆಯುತ್ತಾರೆ. ತೀರ್ಥ ತೆಗೆದುಕೊಳ್ಳಲು ಅಂಗೈ ಮೇಲೆ ಮಾಡುತ್ತೇವಲ್ಲ, ಆ ತಿರುಗುವಿಕೆ. ಮುಂಗೈಯ ಎರಡು ಮೂಳೆಗಳಲ್ಲಿ ರೇಡಿಯಸ್ ಇನ್ನೊಂದರ ಸುತ್ತ ಹೊರಳಿದರೆ ಮಾತ್ರ ಅದು ಸಾಧ್ಯ. ಆ ತಾಯಿ ಅಂಗೈ ಪೂರ್ತಿ ತಿರುಗಿದೆ ಎಂದೇ ತಿಳಿದಿದ್ದರು. ಮೊಣಕೈಯನ್ನು ಪಕ್ಕೆಗೆ ಅಂಟಿಸಿ ತಿರುಗಿಸಲು ಹೇಳಿದಾಗ ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನು ಭುಜ ವಾಲಿಸಿ ತುಂಬಿಕೊಳ್ಳುತ್ತಿದ್ದರು. ಅದಕ್ಕೆ ಮೊಣಕೈ ಪಕ್ಕೆಗೆ ಒತ್ತಿ, ಅಲ್ಲೊಂದು ಟವೆಲ್ ಸುರುಳಿ ಸಿಕ್ಕಿಸಿ, ಲಟ್ಟಣಿಗೆಯ ಒಂದು ತುದಿ ಹಿಡಿದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನಿಧಾನವಾಗಿ ವಾಲಿಸಿದರು. ಮೇಲೆ ಉಳಿದ ಉದ್ದವೇ ತೂಕ. ಭಾರವೆನಿಸಿದರೆ ಹಿಡಿಯನ್ನು ನಡುವಿಗೆ ತನ್ನಿ.

ಮೂರನೆಯ ವಾರದ ಕೊನೆಗೆ ಮಣಿಕಟ್ಟು 30 ಡಿಗ್ರಿ ಎದ್ದಿತು. ಆಗ ಹಿಡಿತ ಶುರುಮಾಡಿದೆವು. ಮೊದಲು ನಾದಿದ ಚಪಾತಿ ಹಿಟ್ಟಿನ ಉಂಡೆ ಹಿಚುಕುವುದು. ಆಮೇಲೆ ಒದ್ದೆ ಕರವಸ್ತ್ರ, ಆಮೇಲೆ ಕೈಟವೆಲ್ ಹಿಂಡುವುದು. ಡಾಕ್ಟರು ಭಾರಕ್ಕೆ ಒಪ್ಪಿದ ಮೇಲೆ ಅರ್ಧ ಲೀಟರ್ ಬಾಟಲಿಯಲ್ಲಿ ಕಾಲು ಲೀಟರ್ ನೀರು, ಅಂದರೆ ಸುಮಾರು ಕಾಲು ಕಿಲೋ. ಅದನ್ನು ಹಿಡಿದು ಮೇಜಿನ ಅಂಚಿನ ವ್ಯಾಯಾಮ ಹತ್ತು ಸಲ ಸಲೀಸಾದರೆ ಇನ್ನಷ್ಟು ನೀರು. ಹಿಚುಕುವಾಗ ಮಣಿಕಟ್ಟು ಕೆಳಗೆ ಬಿದ್ದರೆ ಆ ತೂಕ ಹೆಚ್ಚಾಯಿತು ಎಂದೇ ಅರ್ಥ. ನೆಲದಿಂದ ಕೈ ಊರಿ ಏಳುವುದು ಕೊನೆಗೆ: ಮೊದಲು ಗೋಡೆಗೆ ಅಂಗೈ ಒತ್ತಿ, ಆಮೇಲೆ ಅಡುಗೆ ಕಟ್ಟೆಗೆ, ಆಮೇಲೆ ನೆಲಕ್ಕೆ.

ನೋವು ಎಷ್ಟಿರಬಹುದು ಎಂದು ಎಲ್ಲರೂ ಕೇಳುತ್ತಾರೆ. ವ್ಯಾಯಾಮದ ನಂತರದ ನೋವು ಒಂದು ಗಂಟೆಯೊಳಗೆ ಇಳಿದರೆ ಸರಿ. ಮಾರನೆಯ ಬೆಳಿಗ್ಗೆ ಊತ ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿ. ಬೇರೆಯವರ ಕೈಯಲ್ಲಿ ಎಣ್ಣೆ ಹಚ್ಚಿಸಿ ಬಲವಾಗಿ ತಿರುಚಿಸುವುದು, ಎಳೆಸುವುದು ಬೇಡ. ಊತ ಕೆರಳಿ ಕೀಲು ಇನ್ನಷ್ಟು ಬಿಗಿಯುತ್ತದೆ.

ಎರಡು ಲಕ್ಷಣ ಕಂಡರೆ ಕಾಯದೆ ಡಾಕ್ಟರಲ್ಲಿ ಹೋಗಿ. ಒಂದು, ದಿನ ಕಳೆದಂತೆ ನೋವು ಹೆಚ್ಚುತ್ತ, ಬಟ್ಟೆ ತಾಕಿದರೂ ಉರಿದು, ಕೈ ಊದಿ ಹೊಳೆದು, ಬಣ್ಣ, ಬಿಸಿ ಅಥವಾ ಬೆವರು ಇನ್ನೊಂದು ಕೈಗಿಂತ ಬೇರೆಯಾಗುವುದು. ಇದು ನರಗಳ ಕೆರಳಿಕೆಯ ತೊಂದರೆ, ಬೇಗ ಹಿಡಿದಷ್ಟೂ ಒಳ್ಳೆಯದು. ಎರಡು, ಅಂಗೈಯನ್ನು ಮೇಜಿಗೆ ಒತ್ತಿಟ್ಟಾಗ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೇಳದಿರುವುದು. ಮುರಿದ ಜಾಗದಲ್ಲಿ ಸವೆದ ಹುರಿ ವಾರಗಳಾದ ಮೇಲೆ ಕಡಿಯುವುದುಂಟು, ಕೆಲವೊಮ್ಮೆ ನೋವೇ ಇಲ್ಲದೆ. ವ್ಯಾಯಾಮದಿಂದ ಅದು ಸರಿಹೋಗುವುದಿಲ್ಲ.

ಮೂರು ತಿಂಗಳಿಗೆ ಆ ತಾಯಿಯ ಮಣಿಕಟ್ಟು 50 ಡಿಗ್ರಿ ಏಳುತ್ತಿತ್ತು, ಹಿಡಿತ 12 ಕಿಲೋ. ಕುಕ್ಕರ್ ಎತ್ತಲು ಎರಡೂ ಕೈ ಬೇಕಿತ್ತು. ಸ್ವಾರಗೇಟದಿಂದ ಕಾತ್ರಜ್ ಬಸ್ಸಿನಲ್ಲಿ ನಿಂತು ಹೋಗುವಾಗ ಕಂಬಿಯನ್ನು ಎಡಗೈಯಲ್ಲೇ ಹಿಡಿಯಿರಿ ಎಂದೆ, ಯಾಕೆಂದರೆ ಬ್ರೇಕಿನ ಎಳೆತ ಬಾಟಲಿಯ ತೂಕದ ಹಾಗೆ ಹೇಳಿಕೇಳಿ ಬರುವುದಿಲ್ಲ. ಬಲ ವರ್ಷದವರೆಗೂ ಕೂಡುತ್ತ ಹೋಗುತ್ತದೆ. ಮೂಳೆ ಸ್ವಲ್ಪ ವಾಲಿ ಕೂಡಿದ್ದರೆ ಕೊನೆಯ ಕೆಲವು ಡಿಗ್ರಿ ಬಾರದೆಯೂ ಇರಬಹುದು. ಅದಕ್ಕಾಗಿ ಕೈಯನ್ನು ಹಿಂಸಿಸಬೇಡಿ.

ಕಡೆಯದಾಗಿ ಒಂದು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದಿದ್ದರೆ, ಅದರಲ್ಲೂ ಮುಟ್ಟು ನಿಂತವರಿಗೆ, ಮೂಳೆ ಸವೆದಿದೆಯೇ ಎಂದು ನೋಡುವ ಡೆಕ್ಸಾ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಮಣಿಕಟ್ಟು ಮುರಿದವರಿಗೆ ಮುಂದೆ ಸೊಂಟದ ಕೀಲಿನ ಮೂಳೆ ಮುರಿಯುವ ಅಪಾಯ ಹೆಚ್ಚು, ಅದನ್ನು ತಡೆಯಲು ಔಷಧವಿದೆ. ಪ್ರಶ್ನೆಗಳಿದ್ದರೆ ಕೇಳಿ.