ಗೋಡೆ ಕದಲದೆ ಕೋಣೆ ಬದಲಾಗಲು



ಮನೆಯ ಫೋಟೋವೊಂದನ್ನು ಕೊಟ್ಟು, ಅದೇ ಕೋಣೆಯನ್ನು ಬೆಚ್ಚಗಿನ ಬಣ್ಣಗಳ, ಸಾಮಾನು ಕಡಿಮೆಯಿರುವ ಸರಳ ಶೈಲಿಯಲ್ಲಿ ತೋರಿಸಿ ಎಂದು ಗ್ರಾಹಕರು ಕೇಳುವುದು ಈಗ ಸಾಮಾನ್ಯ. ಸ್ಟೇಬಲ್ ಡಿಫ್ಯೂಷನ್‌ನಂಥ ಉಪಕರಣ ತೆರೆದರೆ ಡಿನಾಯ್ಸಿಂಗ್ ಸ್ಟ್ರೆಂತ್ ಎಂಬ ಒಂದು ಸ್ಲೈಡರ್ ಸಿಗುತ್ತದೆ, ಸೊನ್ನೆಯಿಂದ ಒಂದರವರೆಗೆ. ಅದನ್ನು ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ. ಫೋಟೋವನ್ನು ಸಿದ್ಧಪಡಿಸುವ ಮೊದಲು ಈ ಪ್ರಶ್ನೆಗೆ ಒಳ್ಳೆಯ ಉತ್ತರವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ವಿವರಿಸುತ್ತೇನೆ.

ಈ ಸ್ಲೈಡರ್ ಮಾಡುವುದಿಷ್ಟು. ನಿಮ್ಮ ಫೋಟೋಗೆ ಮೊದಲು ನಾಯ್ಸ್ ಬೆರೆಸುತ್ತದೆ, ಆಮೇಲೆ ಮಾದರಿ ಆ ನಾಯ್ಸನ್ನು ಹಂತಹಂತವಾಗಿ ತೆಗೆಯುತ್ತ ನೀವು ಬರೆದ ವಿವರಣೆಯ ಕಡೆಗೆ ಚಿತ್ರವನ್ನು ಎಳೆಯುತ್ತದೆ. ಎಷ್ಟು ಬೆರೆಸಬೇಕು ಎಂಬುದೇ ಸ್ಟ್ರೆಂತ್. 30 ಹಂತ ಕೊಟ್ಟು 0.4 ಇಟ್ಟರೆ ಹಲವು ಉಪಕರಣಗಳಲ್ಲಿ ಓಡುವುದು 12 ಹಂತ ಮಾತ್ರ. ಆದರೆ 0.5 ಎಂದರೆ ಅರ್ಧ ಬದಲಾವಣೆ ಎಂದುಕೊಳ್ಳಬೇಡಿ. ಸ್ಟೇಬಲ್ ಡಿಫ್ಯೂಷನ್ 1.5ರ ನಾಯ್ಸ್ ಲೆಕ್ಕದಲ್ಲಿ 0.4ರ ಹೊತ್ತಿಗೇ ಚಿತ್ರಕ್ಕಿಂತ ನಾಯ್ಸಿನ ಪಾಲು ಹೆಚ್ಚಾಗಿರುತ್ತದೆ. 0.75ಕ್ಕೆ ಬಂದರೆ ಮೂಲ ಚಿತ್ರದ ಪಾಲು ಕಾಲು ಭಾಗಕ್ಕೂ ತುಸು ಕಡಿಮೆ.

ನಾಯ್ಸ್ ಏರಿದಂತೆ ಮೊದಲು ಅಳಿಯುವುದು ಸಣ್ಣ ವಿವರ: ಬಟ್ಟೆಯ ನೇಯ್ಗೆ, ಮರದ ಗೆರೆ, ಗೋಡೆಯ ಒರಟು. ಕೊನೆಯವರೆಗೂ ಉಳಿಯುವುದು ದೊಡ್ಡ ಆಕಾರಗಳು ಮತ್ತು ದೊಡ್ಡ ಬಣ್ಣದ ಹರವು. ನಮ್ಮ ತೊಡಕಿನ ಮೂಲ ಇಲ್ಲಿದೆ. ಗೋಡೆ ಎಲ್ಲಿ ಮುಗಿಯುತ್ತದೆ ಎಂಬುದು ದೊಡ್ಡ ಆಕಾರ, ಅದು ಉಳಿಯಬೇಕು. ಗೋಡೆ ತಿಳಿನೀಲಿ ಎಂಬುದೂ ದೊಡ್ಡ ಹರವೇ, ಅದು ಹೋಗಬೇಕು. ಎರಡೂ ಒಂದೇ ಮಟ್ಟದಲ್ಲಿ ಕೂತಿರುವುದರಿಂದ, ನೀಲಿಯನ್ನು ಅಳಿಸುವಷ್ಟು ನಾಯ್ಸ್ ಬೆರೆಸಿದರೆ ಗೋಡೆಯ ಅಂಚೂ ಸಡಿಲವಾಗುತ್ತದೆ.

ಈ ವಿಚಾರ ಸಂಕಿರಣಕ್ಕೆಂದೇ ಸಿದ್ಧಪಡಿಸಿದ ಉದಾಹರಣೆ ನೋಡೋಣ. ಬೆಂಗಳೂರಿನ ಒಂದು ಫ್ಲ್ಯಾಟಿನ ಹಾಲ್. ತಿಳಿನೀಲಿ ಗೋಡೆ, ಮೇಲೆ ಬೀಮ್, ಬಿಳಿ ಟ್ಯೂಬ್‌ಲೈಟ್, ಬಲಕ್ಕೆ ಗ್ರಿಲ್ ಇರುವ ಕಿಟಕಿ, ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್, ಹೂವಿನ ಕವರ್ ಹೊದ್ದ ಸೋಫಾ, ತುಂಬಿದ ಶೋಕೇಸ್, ಟೀಪಾಯಿಯ ಮೇಲೆ ಪೇಪರ್ ರಾಶಿ. ಮೊಬೈಲ್ ಫೋಟೋವನ್ನು ಅದೇ ಅನುಪಾತದಲ್ಲಿ 1024 × 768ಕ್ಕೆ ಇಳಿಸಿ, ಸೀಡ್ ಬದಲಿಸದೆ, ಸ್ಟ್ರೆಂತ್ ಒಂದನ್ನೇ ಏರಿಸುತ್ತ ಹೋದಾಗ ಆದದ್ದು ಇದು. 0.3ರಲ್ಲಿ ಸೋಫಾದ ಬಟ್ಟೆ ಸ್ವಲ್ಪ ನಯವಾಯಿತು, ನೀಲಿ ಹಾಗೇ ಉಳಿಯಿತು. 0.45ರಲ್ಲಿ ಹೂಗಳು ಹೋಗಿ ಲಿನನ್ ಬಂತು, ಟೈಲ್ಸಿನ ಹೊಳಪು ಇಳಿಯಿತು. ಆದರೆ ಗೋಡೆ ನೀಲಿ ಬೆರೆತ ಬೂದು. 0.6ರಲ್ಲಿ ಗೋಡೆಗೆ ಬೆಚ್ಚನೆಯ ಬಣ್ಣ ಸಿಕ್ಕಿತು, ಜೊತೆಗೇ ಗ್ರಿಲ್ಲಿನ ಸರಳುಗಳ ಲೆಕ್ಕ ತಪ್ಪಿತು, ಶೋಕೇಸ್ ಗೋಡೆಯೊಳಗಿನ ಗೂಡಾಯಿತು. 0.75ರ ಚಿತ್ರ ಎಲ್ಲಕ್ಕಿಂತ ಚೆಂದ. ಆದರೆ ಅಲ್ಲಿ ಬೀಮ್ ಇಲ್ಲ, ಕಿಟಕಿ ಪಕ್ಕಕ್ಕೆ ಸರಿದಿದೆ. ಅದು ಬೇರೆಯವರ ಮನೆ.

ಹಾಗಾದರೆ ಮಾಡಬೇಕಾದ್ದೇನು? ಬಣ್ಣದ ಕೆಲಸವನ್ನು ಸ್ಲೈಡರಿಗೆ ವಹಿಸದೆ ನಾವೇ ಮೊದಲು ಮುಗಿಸಬೇಕು. ಫೋಟೋ ಎಡಿಟರಿನಲ್ಲಿ ವೈಟ್ ಬ್ಯಾಲೆನ್ಸ್ ಸರಿಮಾಡಿ ಟ್ಯೂಬ್‌ಲೈಟಿನ ತಣ್ಣನೆಯ ಛಾಯೆ ತೆಗೆಯಿರಿ. ಗೋಡೆಯ ಭಾಗವನ್ನಷ್ಟೇ ಮಾಸ್ಕ್ ಮಾಡಿ ನೀಲಿಯನ್ನು ಪೂರ್ತಿ ಇಳಿಸಿ, ಮೇಲೆ ಕೆನೆಬಣ್ಣವನ್ನು ಮಲ್ಟಿಪ್ಲೈ ಕ್ರಮದಲ್ಲಿ ಹಾಕಿ. ಮೂಲೆಯ ನೆರಳು ಹಾಗೇ ಉಳಿಯುತ್ತದೆ. ನೋಡಲು ಒರಟಾಗಿದ್ದರೂ ಚಿಂತೆಯಿಲ್ಲ, ನಯಗೊಳಿಸುವುದು ಮಾದರಿಯ ಕೆಲಸ.

ಬಣ್ಣವಾದ ಮೇಲೆ ಸಾಮಾನು. ಸರಳ ಶೈಲಿ ಎಂದರೆ ಹೆಚ್ಚಾಗಿ ತೆಗೆಯುವುದು, ಮತ್ತು ತೆಗೆಯುವುದು ರಚನೆಯನ್ನೇ ಬದಲಿಸುವ ಕೆಲಸ. ಇಡೀ ಚಿತ್ರಕ್ಕೆ 0.45 ಕೊಟ್ಟರೆ ಪೇಪರ್ ರಾಶಿ ಮಾಯವಾಗುವುದಿಲ್ಲ, ಬೂದು ಬಣ್ಣದ ಯಾವುದೋ ಪೆಟ್ಟಿಗೆಯಾಗುತ್ತದೆ. ಆದ್ದರಿಂದ ಅಷ್ಟು ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ಅಲ್ಲಿ ಸ್ಟ್ರೆಂತನ್ನು ಒಂದರ ಹತ್ತಿರಕ್ಕೆ ಏರಿಸಿ ಇನ್‌ಪೇಂಟ್ ಮಾಡಿ. ಇದಿಷ್ಟಾದ ಮೇಲೆ ಇಡೀ ಫೋಟೋವನ್ನು 0.4ರಿಂದ 0.45ರಲ್ಲಿ ಓಡಿಸಿ. ಇದೇ ಹಾಲ್‌ನಲ್ಲಿ ಹಾಗೆ ಮಾಡಿದಾಗ ಗೋಡೆ ಬೆಚ್ಚಗಾಯಿತು, ಬೀಮ್ ತನ್ನ ಜಾಗದಲ್ಲೇ ಉಳಿಯಿತು.

ಇದಕ್ಕಿಂತ ದೊಡ್ಡ ಬದಲಾವಣೆ, ಅಂದರೆ ಸೋಫಾದ ವಿನ್ಯಾಸವೇ ಬೇರೆಯಾಗಬೇಕು ಎನ್ನುವಂಥದ್ದು ಬೇಕಿದ್ದರೆ, ಲ್ಯೂಮಿನ್ ಜಾಂಗ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಕಂಟ್ರೋಲ್‌ನೆಟ್ ನೆರವಿಗೆ ಬರುತ್ತದೆ. ಫೋಟೋದಿಂದ ಆಳದ ನಕ್ಷೆಯನ್ನೋ ನೇರಗೆರೆಗಳ ನಕ್ಷೆಯನ್ನೋ ತೆಗೆದು, ಅದನ್ನು ಮೀರದಂತೆ ಮಾದರಿಯನ್ನು ಹಿಡಿದಿಡುತ್ತದೆ. ಆಗ 0.7ಕ್ಕೂ ಹೋಗಬಹುದು. ಆದರೆ ಆಳದ ನಕ್ಷೆಗೆ ಸೋಫಾ ಬೇರೆ, ಪೇಪರ್ ರಾಶಿ ಬೇರೆ ಎಂಬ ಭೇದವಿಲ್ಲ. ಮೂಲ ಫೋಟೋದಿಂದಲೇ ನಕ್ಷೆ ತೆಗೆದರೆ ತೆಗೆಯಬೇಕಾದ ಸಾಮಾನೂ ಗಟ್ಟಿಯಾಗಿ ಕೂರುತ್ತದೆ. ಚೊಕ್ಕ ಮಾಡಿದ ಫೋಟೋದಿಂದಲೇ ನಕ್ಷೆ ತೆಗೆಯಿರಿ. ನಿಯಂತ್ರಣವನ್ನು ಕೊನೆಯ ಹಂತದವರೆಗೂ ಬಿಗಿಯಾಗಿ ಇಡಬೇಕಾಗಿಲ್ಲ. ರಚನೆ ಮೊದಲ ಹಂತಗಳಲ್ಲೇ ನೆಲೆಗೊಳ್ಳುವುದರಿಂದ ಸುಮಾರು ಶೇ 60ರ ಬಳಿಕ ಸಡಿಲಿಸಿದರೆ ಬಟ್ಟೆ, ಮರ ಸಹಜವಾಗಿ ಬರುತ್ತವೆ.

ಗ್ರಿಲ್ ಮಾತ್ರ ಎರಡೂ ದಾರಿಯಲ್ಲಿ ಕೈಕೊಡುತ್ತದೆ. ಈ ಮಾದರಿಗಳು ಚಿತ್ರವನ್ನು ಉದ್ದಗಲ ಎರಡರಲ್ಲೂ ಎಂಟನೇ ಒಂದಕ್ಕೆ ಕುಗ್ಗಿಸಿ ಕೆಲಸ ಮಾಡುತ್ತವೆ. ನಾಲ್ಕು ಪಿಕ್ಸೆಲ್ ಅಗಲದ ಸರಳಿಗೆ ಅಲ್ಲಿ ಒಂದು ಪೂರ್ತಿ ಚುಕ್ಕೆಯ ಜಾಗವೂ ಇಲ್ಲ. ಸ್ಲೈಡರ್ ಇಳಿಸುತ್ತ ಹೊತ್ತು ಕಳೆಯಬೇಡಿ. ಕಿಟಕಿಯ ಭಾಗವನ್ನು ಮೂಲ ಫೋಟೋದಿಂದ ಕತ್ತರಿಸಿ, ಬಣ್ಣ ಹೊಂದಿಸಿ, ಮೇಲೆ ಕೂರಿಸಿ.

ಇನ್ನು ಪರೀಕ್ಷೆ. ಹೊಸ ಚಿತ್ರವನ್ನು ಹಳೆಯದರ ಮೇಲೆ ಪದರವಾಗಿಟ್ಟು ಆರಿಸುತ್ತ, ಹಚ್ಚುತ್ತ ನೋಡಿ. ಬಾಗಿಲಿನ ಮೇಲಿನ ಮೂಲೆಗಳು, ಬೀಮಿನ ಕೆಳಗೆರೆ, ಸ್ವಿಚ್ ಬೋರ್ಡ್, ಇವು ಜಿಗಿಯಬಾರದು. ಸ್ವಿಚ್ ಬೋರ್ಡ್ ಅಳಿದುಹೋಗಿದ್ದರೆ ಆ ಗೋಡೆಗೆ ಒರಗಿಸಿದ ಕಪಾಟು ಚಿತ್ರದಲ್ಲಿ ಮಾತ್ರ ಸಾಧ್ಯ. ಇದಕ್ಕಿಂತ ಸುಲಭವಾಗಿ ಕಣ್ತಪ್ಪುವುದು ಅಳತೆ. ಮಾದರಿ ಪೀಠೋಪಕರಣಗಳನ್ನು ಸದ್ದಿಲ್ಲದೆ ಕುಗ್ಗಿಸಿ ಕೋಣೆಯನ್ನು ವಿಶಾಲವಾಗಿ ಕಾಣಿಸುವುದುಂಟು. ಹಿಡಿಯಲು ನೆಲದ ಟೈಲ್ಸ್ ಸಾಕು. ಮೂಲದಲ್ಲಿ ಸೋಫಾ ಮೂರು ಟೈಲ್ ಉದ್ದ, ಅಂದರೆ ಆರಡಿ. ಹೊಸ ಚಿತ್ರದಲ್ಲಿ ಎರಡೂವರೆ ಟೈಲಿಗೆ ಮುಗಿದರೆ ಅದು ಐದಡಿಯ ಸೋಫಾ, ಅಲ್ಲಿ ಮೂವರು ಆರಾಮವಾಗಿ ಕೂರಲಾರರು. ಹಾಗಾಗಿ ನೆಲದ ಗೆರೆಗಳನ್ನು ಎಂದೂ ಅಳಿಸಬೇಡಿ ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಗ್ರಾಹಕರು ಈ ಚಿತ್ರ ನೋಡಿಯೇ ಹಣ ಕಟ್ಟುತ್ತಾರೆ.

ಈ ಹಾಲ್‌ನ ಎಲ್ಲ ಚಿತ್ರಗಳನ್ನೂ ಅವುಗಳ ಸ್ಟ್ರೆಂತ್, ಸೀಡ್ ಬರೆದು ಹೊರಗಿನ ಫಲಕಗಳಲ್ಲಿ ತೂಗುಹಾಕಿದ್ದೇವೆ. ಮಧ್ಯಾಹ್ನದ ಗೋಷ್ಠಿ ಬೆಳಕನ್ನು ಕುರಿತದ್ದು. ಕಿಟಕಿ ಉತ್ತರಕ್ಕಿದ್ದರೂ ಬೆಚ್ಚಗೆ ಎಂದೊಡನೆ ಮಾದರಿ ನೆಲದ ಮೇಲೆ ಓರೆಬಿಸಿಲು ಚೆಲ್ಲುತ್ತದೆ. ಅದನ್ನು ವಿವರಣೆಯಲ್ಲಿ ತಡೆಯಬೇಕೋ, ಮಾಸ್ಕ್ ಹಾಕಿ ತಡೆಯಬೇಕೋ ಎಂಬುದನ್ನು ಅಲ್ಲಿ ಈ ಫಲಕಗಳ ಎದುರಿಗೇ ನಿಂತು ಚರ್ಚಿಸೋಣ.